ತಿಂಗಳಿಗೆ ಎಂಟು ಕಿಲೋ ಇಳಿಸುವ ಪ್ಯಾಕೇಜಿಗೆ ಸೇರುವ ಮುನ್ನ ಇದನ್ನು ಓದಿ

ನನ್ನ ತಂಗಿ ಧಾರವಾಡದಲ್ಲಿ ಇರುತ್ತಾಳೆ. ಅವಳ ಮನೆ ಹತ್ತಿರ ತೂಕ ಇಳಿಸುವ ಸೆಂಟರ್ ಒಂದಿದೆ. ಹೆಸರು ಬರೆಯುವುದಿಲ್ಲ, ಯಾಕಂದ್ರೆ ಇಂಥವು ಹುಬ್ಬಳ್ಳಿಯಲ್ಲೂ ಇವೆ, ಗದಗಿನಲ್ಲೂ ಇವೆ. ತಿಂಗಳಿಗೆ ಎಂಟು ಕಿಲೋ ಇಳಿಸುತ್ತೇವೆ ಅನ್ನುವುದು ಅವರ ಭರವಸೆ. ಮಾತಿನಂತೆ ಇಳಿಸಿದರು ಕೂಡ. ಎಂಟು ವಾರದಲ್ಲಿ 84 ಕಿಲೋ ಇದ್ದವಳು 69ಕ್ಕೆ ಬಂದಳು. ಮುಂದಿನ ತಿಂಗಳು ಆಸ್ಪತ್ರೆ ಸೇರಿದಳು.

ಕಾರಣ ಪಿತ್ತಕೋಶದ ಕಲ್ಲು. ಅದರ ಹಿಂದಿನ ವರ್ಷ ಬೇರೆ ಕಾರಣಕ್ಕೆ ಹೊಟ್ಟೆ ಸ್ಕ್ಯಾನಿಂಗ್ ಮಾಡಿಸಿದ್ದಳು. ಆ ರಿಪೋರ್ಟಿನಲ್ಲಿ ಪಿತ್ತಕೋಶ ಸ್ವಚ್ಛವಾಗಿತ್ತು.

ಅವಳ ಊಟ ಹೀಗಿತ್ತು. ಬೆಳಿಗ್ಗೆ ನೀರಿನಲ್ಲಿ ಕಲಸಿದ ಪೌಡರ್. ಮಧ್ಯಾಹ್ನ ಬೇಯಿಸಿದ ತರಕಾರಿ, ಒಂದು ಹನಿ ಎಣ್ಣೆ ಇಲ್ಲದೆ. ಸಂಜೆ ಐದಕ್ಕೆ ಮತ್ತೆ ಪೌಡರ್. ಅಲ್ಲಿಂದ ಮರುದಿನ ಬೆಳಿಗ್ಗೆ ಒಂಬತ್ತರವರೆಗೆ ಬರೀ ನೀರು. ಡಬ್ಬಿಯ ಮೇಲೆ ಬರೆದಿದ್ದನ್ನು ನೋಡಿ ನಾನೇ ಲೆಕ್ಕ ಹಾಕಿದೆ. ಎಲ್ಲಾ ಸೇರಿ ದಿನಕ್ಕೆ ಸುಮಾರು 600 ಕ್ಯಾಲೊರಿ. ಅದರಲ್ಲಿ ಕೊಬ್ಬು ಮೂರು ಗ್ರಾಂ ಸಹ ಇಲ್ಲ. ಸೆಂಟರಿನವರು ಇದನ್ನೇ ಹೆಮ್ಮೆಯಿಂದ 'ಜೀರೋ ಆಯಿಲ್' ಅನ್ನುತ್ತಿದ್ದರು.

ಮೊದಲ ನೋವು ಬಂದದ್ದು ಗದಗಿನಲ್ಲಿ ಮದುವೆ ಊಟ ಮಾಡಿ ಬಂದ ರಾತ್ರಿ. ಎಷ್ಟೋ ದಿನದ ಮೇಲೆ ತುಪ್ಪ ಹಾಕಿದ ಹೋಳಿಗೆ ತಿಂದಿದ್ದಳು. ಹನ್ನೊಂದರ ಸುಮಾರಿಗೆ ಬಲಗಡೆ ಪಕ್ಕೆಲುಬಿನ ಕೆಳಗೆ ಹಿಡಿದುಕೊಂಡಿತು. ಬೆನ್ನಿನ ಬಲಭಾಗಕ್ಕೆ, ಭುಜದ ತನಕ ಎಳೆಯಿತು. 'ಅಕ್ಕಾ, ಉಸಿರು ತಗೊಳ್ಳಾಕೂ ಆಗವಲ್ದು' ಅಂತ ಫೋನಿನಲ್ಲಿ ಅತ್ತಳು. ಜೀರಿಗೆ ನೀರು, ಸೋಡಾ, ಗ್ಯಾಸಿನ ಮಾತ್ರೆ, ಯಾವುದಕ್ಕೂ ಜಗ್ಗಲಿಲ್ಲ. ಸುಮಾರು ಮೂರು ತಾಸು ಕಾಡಿ, ತಾನಾಗೇ ನಿಂತಿತು. ಮರುದಿನ ಸೆಂಟರಿನವರು 'ಎಣ್ಣಿ ತುಪ್ಪ ತಿಂದ್ರ ಹಿಂಗ ಆಗತೈತ್ರಿ, ಇನ್ನ ಮುಟ್ಟಬ್ಯಾಡ್ರಿ' ಅಂದರು.

ಈ ನೋವಿನ ಗುಣ ತಿಳಿದಿರಲಿ. ಗ್ಯಾಸ್ ನೋವು ತೇಗು ಬಂದರೆ, ಹೂಸು ಹೋದರೆ ಸ್ವಲ್ಪವಾದರೂ ಕಡಿಮೆ ಆಗುತ್ತದೆ. ಪಿತ್ತಕೋಶದ ನೋವು ಯಾವ ಮಗ್ಗುಲಿಗೆ ಮಲಗಿದರೂ ಬಿಡುವುದಿಲ್ಲ. ಊಟದ ನಂತರ, ಹೆಚ್ಚಾಗಿ ರಾತ್ರಿ, ಬಲಗಡೆ ಅಥವಾ ಎದೆಗುಂಡಿಗೆಯ ಕೆಳಗೆ ಶುರುವಾಗಿ ಅರ್ಧ ತಾಸಿನಿಂದ ಕೆಲವು ತಾಸು ಇರುತ್ತದೆ. ಆಮೇಲೆ ಪೂರ್ತಿ ಹೋಗುತ್ತದೆ. ಪೂರ್ತಿ ಹೋಗುವುದರಿಂದಲೇ ಜನ ಮರೆತುಬಿಡುತ್ತಾರೆ. ಸ್ಕ್ಯಾನಿಂಗ್ ಮಾಡಿಸಿದರೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಖಾಲಿ ಹೊಟ್ಟೆಯಲ್ಲಿ ಹೋಗಬೇಕು ಅಷ್ಟೇ.

ತಂಗಿಗೆ ಎರಡನೇ ಸಲ ನೋವು ಬಂದಾಗ ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗಿತು. ಕಣ್ಣು ಹಳದಿಯಾಯಿತು. ಪಕ್ಕದ ಮನೆಯವರು 'ಕಾಮಣಿ ಆಗೇತಿ, ನಾಟಿ ಔಷಧ ಕುಡಸ್ರಿ' ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಆದರೆ ಆ ಕಾಮಣಿ ಬೇರೆ. ಕಲ್ಲೊಂದು ಜಾರಿ ಪಿತ್ತನಾಳದಲ್ಲಿ ಸಿಕ್ಕಿಕೊಂಡಿತ್ತು. ಅದಕ್ಕೇ ಪಿತ್ತರಸ ಕೆಳಗೆ ಇಳಿಯದೆ ರಕ್ತಕ್ಕೆ ಸೇರುತ್ತಿತ್ತು. ಅಲ್ಲಿ ಸೋಂಕಾದರೆ ಚಳಿಜ್ವರ ಬಂದು ಜೀವಕ್ಕೇ ಕುತ್ತು. ಕಲ್ಲು ಮೇದೋಜೀರಕ ಗ್ರಂಥಿಯ ಬಾಯಿಗೆ ಅಡ್ಡ ಬಂದರೆ ಆ ಗ್ರಂಥಿಯೂ ಊದಿಕೊಳ್ಳುತ್ತದೆ. ಹುಬ್ಬಳ್ಳಿಯಲ್ಲಿ ಮೊದಲು ಬಾಯಿಂದ ಎಂಡೋಸ್ಕೋಪ್ ಇಳಿಸಿ ನಾಳದ ಕಲ್ಲು ತೆಗೆದರು. ಆಮೇಲೆ ಲ್ಯಾಪ್ರೋಸ್ಕೋಪಿ ಮಾಡಿ ಪಿತ್ತಕೋಶವನ್ನೇ ತೆಗೆದರು.

ಬರೀ ತರಕಾರಿ ತಿಂದವಳಿಗೆ ಕೊಬ್ಬಿನ ಕಲ್ಲು ಹೇಗೆ ಬಂತು ಅಂತ ನಾನು ಸರ್ಜನ್ ಅವರನ್ನು ಕೇಳಿದೆ. ಅವರು ಕೂತು ಬಿಡಿಸಿ ಹೇಳಿದರು.

ಮೈಯ ಕೊಬ್ಬು ಬೇಗ ಬೇಗ ಕರಗಿದಾಗ ಅದರೊಳಗಿದ್ದ ಕೊಲೆಸ್ಟ್ರಾಲ್ ಕೂಡ ಹೊರಗೆ ಬರುತ್ತದೆ. ಯಕೃತ್ತು ಅದನ್ನು ಪಿತ್ತರಸಕ್ಕೆ ಬಿಡುತ್ತದೆ. ಪಿತ್ತರಸಕ್ಕೆ ಕೊಲೆಸ್ಟ್ರಾಲನ್ನು ಕರಗಿಸಿ ಇಟ್ಟುಕೊಳ್ಳುವ ಶಕ್ತಿಗೆ ಒಂದು ಮಿತಿ ಇದೆ. ಮಿತಿ ದಾಟಿದರೆ ಅದು ಸಣ್ಣ ಹರಳಾಗಿ ನಿಲ್ಲುತ್ತದೆ, ಪಾಕ ಗಟ್ಟಿಯಾದಾಗ ತಳದಲ್ಲಿ ಸಕ್ಕರೆ ಹರಳುಗಟ್ಟಿದ ಹಾಗೆ. ಇದು ಅರ್ಧ ಕಾರಣ.

ಉಳಿದ ಅರ್ಧ ಎಣ್ಣೆ ಇಲ್ಲದ ಊಟ. ಪಿತ್ತಕೋಶ ಒಂದು ಸಣ್ಣ ಚೀಲ. ಊಟದಲ್ಲಿನ ಕೊಬ್ಬು ಮತ್ತು ಪ್ರೋಟೀನ್ ಕರುಳಿಗೆ ತಲುಪಿದಾಗ ಒಂದು ಹಾರ್ಮೋನ್ ಹೊರಡುತ್ತದೆ. ಅದರ ಅಪ್ಪಣೆ ಸಿಕ್ಕಾಗಲೇ ಆ ಚೀಲ ಚೆನ್ನಾಗಿ ಹಿಂಡಿಕೊಂಡು ಖಾಲಿಯಾಗುವುದು. ಊಟದಲ್ಲಿ ಕೊಬ್ಬು ತೀರಾ ಕಡಿಮೆ ಆದರೆ, ಜೊತೆಗೆ ಹದಿನಾರು ತಾಸು ಉಪವಾಸ ಇದ್ದರೆ, ಪಿತ್ತರಸ ಅಲ್ಲೇ ನಿಂತು ಕೆಸರಾಗುತ್ತದೆ. ಆ ಕೆಸರಿನಲ್ಲಿ ಹರಳು ಬೆಳೆದು ಕಲ್ಲಾಗುತ್ತದೆ. ಒಂದು ದಿನ ಹೋಳಿಗೆ ತುಪ್ಪ ಬಿದ್ದ ತಕ್ಷಣ ಚೀಲ ಜೋರಾಗಿ ಹಿಂಡುತ್ತದೆ, ಕಲ್ಲು ಬಾಯಿಗೆ ಸಿಕ್ಕುತ್ತದೆ. ತುಪ್ಪ ಆ ಕಲ್ಲನ್ನು ಮಾಡಿರಲಿಲ್ಲ. ಆಗಲೇ ಇದ್ದ ಕಲ್ಲನ್ನು ತೋರಿಸಿಕೊಟ್ಟಿತು, ಅಷ್ಟೇ. ಸೆಂಟರಿನವರ ಸಲಹೆ ಎಷ್ಟು ಉಲ್ಟಾ ಇತ್ತು ನೋಡಿ.

ಹಾಗಂತ ತೂಕ ಇಳಿಸುವುದನ್ನೇ ಬಿಡಬೇಡಿ. ತೂಕ ಜಾಸ್ತಿ ಇರುವುದೂ ಇದೇ ಕಲ್ಲಿಗೆ ಕಾರಣ ಆಗುತ್ತದೆ. ಬದಲಾಗಬೇಕಾದದ್ದು ವೇಗ. ವಾರಕ್ಕೆ ಅರ್ಧದಿಂದ ಒಂದು ಕಿಲೋ ಆದರೆ ಅಪಾಯ ಕಡಿಮೆ. ಒಂದೂವರೆ ಕಿಲೋ ದಾಟಿದರೆ ತುಂಬಾ ಏರುತ್ತದೆ. ತಂಗಿಯದು ವಾರಕ್ಕೆ ಹೆಚ್ಚುಕಡಿಮೆ ಎರಡು ಕಿಲೋ. ಮೊದಲ ವಾರ ಮೈಯ ನೀರು ಹೋಗಿ ತೂಕ ಹೆಚ್ಚು ಇಳಿಯುವುದುಂಟು, ಅದಕ್ಕೆ ಹೆದರಬೇಕಿಲ್ಲ. ನೋಡಬೇಕಾದದ್ದು ಆಮೇಲಿನ ವಾರಗಳನ್ನು.

ಎರಡನೆಯದು, ದಿನಕ್ಕೆ ಒಂದು ಊಟದಲ್ಲಾದರೂ ಏಳರಿಂದ ಹತ್ತು ಗ್ರಾಂ ಕೊಬ್ಬು ಇರಲಿ. ಚೀಲ ಖಾಲಿಯಾಗಲು ಅಷ್ಟಾದರೂ ಬೇಕು. ನಮ್ಮ ಕಡೆ ಇದೇನು ಕಷ್ಟದ ಮಾತಲ್ಲ. ಎರಡು ಟೀ ಚಮಚ ಶೇಂಗಾ ಎಣ್ಣೆ ಹಾಕಿದ ಪಲ್ಯ ಸಾಕು. ಇಲ್ಲದಿದ್ದರೆ 20 ಗ್ರಾಂ, ಅಂದರೆ ಒಂದು ಸಣ್ಣ ಹಿಡಿ ಶೇಂಗಾ. ಜೋಳದ ರೊಟ್ಟಿ, ಕಾಳು ಪಲ್ಯ, ಶೇಂಗಾ ಚಟ್ನಿ, ಮೊಸರು ಇರುವ ತಟ್ಟೆಯಲ್ಲಿ ಅದು ತಾನಾಗೇ ಬಂದುಬಿಡುತ್ತದೆ. ರೊಟ್ಟಿ ಎರಡರ ಬದಲು ಒಂದು ಮಾಡಿ, ಚಟ್ನಿ ಬಿಡಬೇಡಿ. ಬೆಳಗಿನ ನಾಷ್ಟಾ ತಪ್ಪಿಸಿ ಉಪವಾಸದ ಹೊತ್ತು ಉದ್ದ ಮಾಡಬೇಡಿ.

ಕೆಲವರಿಗೆ ವೈದ್ಯರೇ ಬೇಗ ಇಳಿಸಬೇಕು ಅನ್ನುತ್ತಾರೆ. ತೂಕ ಇಳಿಸುವ ಆಪರೇಷನ್ ಆದವರಿಗೂ ವೇಗ ತಡೆಯಲು ಆಗುವುದಿಲ್ಲ. ಅಂಥವರಿಗೆ ಕಲ್ಲು ಬಾರದಂತೆ ಅರ್ಸೋಡಿಆಕ್ಸಿಕೋಲಿಕ್ ಆಸಿಡ್ ಎಂಬ ಮಾತ್ರೆ ಇದೆ. ದಿನಕ್ಕೆ ಸಾಮಾನ್ಯವಾಗಿ 500ರಿಂದ 600 ಮಿಲಿಗ್ರಾಂ, ತೂಕ ಒಂದು ಕಡೆ ನಿಲ್ಲುವವರೆಗೆ ಕೊಡುತ್ತಾರೆ. ನಿಮ್ಮ ವೈದ್ಯರು ಹೇಳದಿದ್ದರೆ ನೀವೇ ಕೇಳಿ. ಮೆಡಿಕಲ್ ಶಾಪಿನಿಂದ ಸುಮ್ನೆ ತಂದು ನುಂಗಬೇಡಿ. ಇದು ಕಲ್ಲು ಬಾರದಂತೆ ತಡೆಯಲು ಒಳ್ಳೆಯದು. ನಾಳದಲ್ಲಿ ಸಿಕ್ಕಿದ ಕಲ್ಲಿಗೆ ಇದು ಔಷಧಿಯಲ್ಲ.

ನೋವಿಲ್ಲದೆ, ಯಾವುದೋ ಸ್ಕ್ಯಾನಿಂಗಿನಲ್ಲಿ ಕಲ್ಲು ಕಂಡವರು ಗಾಬರಿಯಾಗಿ ಆಪರೇಷನ್ನಿಗೆ ಓಡಬೇಕಿಲ್ಲ. ಹೆಚ್ಚಿನವರಿಗೆ ಅದು ತೊಂದರೆ ಕೊಡದೆ ಇರುತ್ತದೆ. ಆದರೆ ಡಯಟ್ ಶುರು ಮಾಡುವ ಮೊದಲು ಅದನ್ನು ವೈದ್ಯರಿಗೆ ಹೇಳಲೇಬೇಕು. ಮನೆಯಲ್ಲಿ ತಾಯಿಗೋ ಅಕ್ಕನಿಗೋ ಇದ್ದರೆ ಅದನ್ನೂ ಹೇಳಿ. ಹೆಂಗಸರಿಗೆ ಇದು ಗಂಡಸರಿಗಿಂತ ಹೆಚ್ಚು.

ಐದಾರು ತಾಸಾದರೂ ಬಿಡದ ನೋವು, ಚಳಿಜ್ವರ, ಹಳದಿ ಕಣ್ಣು, ಕಡುಬಣ್ಣದ ಮೂತ್ರ, ಬಿಳಿಚಿಕೊಂಡ ಮಲ, ನಿಲ್ಲದ ವಾಂತಿ, ಇದರಲ್ಲಿ ಒಂದು ಕಂಡರೂ ಅದೇ ರಾತ್ರಿ ಆಸ್ಪತ್ರೆಗೆ ಹೋಗಿ. ಬೆಳಗಾಗಲಿ ಅಂತ ಕಾಯಬೇಡಿ. ಪೌಡರ್ ಕುಡಿಯುತ್ತಿದ್ದೀರಿ, ಇಷ್ಟು ವಾರದಲ್ಲಿ ಇಷ್ಟು ಕಿಲೋ ಇಳಿದಿದೆ ಅನ್ನುವುದನ್ನು ಅಲ್ಲಿ ಮೊದಲೇ ಹೇಳಿ. ಆ ಡಬ್ಬಿಯನ್ನೂ ಜೊತೆಗೆ ಒಯ್ಯಿರಿ.