ಮಿಕ್ಸಿಂಗ್ ಸ್ಟಡಿಯಲ್ಲಿ ‘ಕರೆಕ್ಟೆಡ್’ ಅಂತ ಬಂದರೆ ಮೊದಲು ರಿಪೋರ್ಟಿನ ಟೈಮ್ ನೋಡಿ

ನಾನು ಹದಿನಾಲ್ಕು ವರ್ಷದಿಂದ ಲ್ಯಾಬ್ ಟೆಕ್ನಿಷಿಯನ್. ಸಣ್ಣ ಊರಿನ ಸಣ್ಣ ಲ್ಯಾಬ್. ರಕ್ತ ಹೆಪ್ಪುಗಟ್ಟುವ ಪರೀಕ್ಷೆಯ ಒಂದು ರಿಪೋರ್ಟ್ ನಂಬಿ ನಾನೇ ಮೋಸ ಹೋಗಿದ್ದೇನೆ, ಅದೂ ನನ್ನ ಸ್ವಂತ ಸೋದರಮಾವನ ವಿಷಯದಲ್ಲಿ. ಬರೆಯೋಕೆ ನಾಚಿಕೆ ಆಗುತ್ತದೆ, ಆದರೂ ಬರೆಯುತ್ತಿದ್ದೇನೆ. ಇನ್ನೊಬ್ಬರ ಮನೆಯಲ್ಲಿ ಇದು ಆಗಬಾರದು.

ಮಾವನಿಗೆ 72. ತೆಂಗಿನ ತೋಟ ನೋಡಿಕೊಂಡು ಗಟ್ಟಿಮುಟ್ಟಾಗಿದ್ದವರು. ಒಂದು ದಿನ ಅತ್ತೆ ಫೋನ್ ಮಾಡಿ, “ನಿಮ್ಮ ಮಾವನ ಮೈಮೇಲೆಲ್ಲ ನೀಲಿ ಕಟ್ಟಿದೆ ಕಣಪ್ಪ, ಎಲ್ಲೂ ಬಿದ್ದಿಲ್ಲ” ಅಂದರು. ಹೋಗಿ ನೋಡಿದರೆ ಎಡ ಮುಂಗೈ ಪೂರ್ತಿ ನೇರಳೆ ಹಣ್ಣಿನ ಬಣ್ಣ. ಬೆನ್ನು ನೋವಿಗೆ ಸೊಂಟಕ್ಕೆ ಹಾಕಿಸಿಕೊಂಡಿದ್ದ ಇಂಜೆಕ್ಷನ್ ಜಾಗ ಅಂಗೈ ಅಗಲ ಊದಿ ಕಲ್ಲಿನ ಹಾಗೆ ಗಟ್ಟಿಯಾಗಿತ್ತು.

ನಾನೇ ರಕ್ತ ತೆಗೆದೆ. ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬು, ಗೆರೆ ಮುಟ್ಟುವಷ್ಟು ತುಂಬಿಸಿದೆ. ಪ್ಲೇಟ್‌ಲೆಟ್ 2.3 ಲಕ್ಷ. ರಕ್ತ ಹೆಪ್ಪುಗಟ್ಟಲು ಎಷ್ಟು ಸೆಕೆಂಡ್ ಬೇಕು ಅಂತ ನೋಡುವ ಎರಡು ಪರೀಕ್ಷೆಯಲ್ಲಿ ಪಿಟಿ ನಾರ್ಮಲ್. ಎಪಿಟಿಟಿ ಮಾತ್ರ 78 ಸೆಕೆಂಡ್. ನಮ್ಮಲ್ಲಿ 26ರಿಂದ 36 ಬರಬೇಕು. ನಂಬಿಕೆ ಬರದೆ ಇನ್ನೊಂದು ಕೈಯಿಂದ ಮತ್ತೆ ತೆಗೆದೆ, 77. ರಕ್ತ ಹೆಪ್ಪುಗಟ್ಟದಂತೆ ಮಾಡುವ ಹೆಪಾರಿನ್ ಔಷಧಿಯನ್ನೂ ಅವರಿಗೆ ಯಾರೂ ಕೊಟ್ಟಿರಲಿಲ್ಲ. ಅಂದರೆ ಎರಡೇ ದಾರಿ. ರಕ್ತ ಹೆಪ್ಪುಗಟ್ಟಿಸುವ ಫ್ಯಾಕ್ಟರ್ ಯಾವುದೋ ಕಡಿಮೆ ಇದೆ. ಇಲ್ಲವೇ ಫ್ಯಾಕ್ಟರಿಗೆ ಅಡ್ಡ ಬರುವ ಇನ್ಹಿಬಿಟರ್ ಇದೆ.

ಯಾವುದು ಅಂತ ತಿಳಿಯೋಕೆ ಮಿಕ್ಸಿಂಗ್ ಸ್ಟಡಿ. ರೋಗಿಯ ಪ್ಲಾಸ್ಮಾ ಅರ್ಧ, ತುಂಬಾ ಜನ ಆರೋಗ್ಯವಂತರಿಂದ ತೆಗೆದು ಸೇರಿಸಿಟ್ಟ ನಾರ್ಮಲ್ ಪ್ಲಾಸ್ಮಾ ಅರ್ಧ ಬೆರೆಸಿ ಮತ್ತೆ ಎಪಿಟಿಟಿ ಮಾಡುತ್ತಾರೆ. ರೋಗಿಯಲ್ಲಿ ಒಂದು ಫ್ಯಾಕ್ಟರ್ ಸೊನ್ನೆಯೇ ಇದ್ದರೂ ಬೆರೆಸಿದ ಮೇಲೆ ಸುಮಾರು ಅರ್ಧದಷ್ಟು ಆಗುತ್ತದೆ. ಎಪಿಟಿಟಿ ನಾರ್ಮಲ್ ಹತ್ತಿರ ಇಳಿಯಲು ಅಷ್ಟು ಸಾಕು. ಹೀಗೆ ಇಳಿಯುವುದನ್ನೇ ‘ಕರೆಕ್ಟೆಡ್’ ಅನ್ನುವುದು. ಇನ್ಹಿಬಿಟರ್ ಇದ್ದರೆ ನಾವು ಹೊಸದಾಗಿ ಹಾಕಿದ ಫ್ಯಾಕ್ಟರನ್ನೂ ಅದು ಕೆಡಿಸುತ್ತದೆ, ಸಮಯ ಇಳಿಯುವುದಿಲ್ಲ.

ನಮ್ಮಲ್ಲಿ ಆ ಪರೀಕ್ಷೆ ಇಲ್ಲ. ಮಾವನನ್ನು ಜಿಲ್ಲಾ ಕೇಂದ್ರದ ಒಂದು ನರ್ಸಿಂಗ್ ಹೋಮಿಗೆ ಸೇರಿಸಿ, ಅಲ್ಲೇ ಹತ್ತಿರದ ದೊಡ್ಡ ಲ್ಯಾಬಿಗೆ ಸ್ಯಾಂಪಲ್ಲನ್ನು ನಾನೇ ಕೈಯಲ್ಲಿ ಹಿಡಿದು ಕೊಟ್ಟೆ. ಬಿಲ್ಲಿನಲ್ಲಿ ‘ಮಿಕ್ಸಿಂಗ್ ಸ್ಟಡಿ, ಇಮ್ಮಿಡಿಯೇಟ್ ಮತ್ತು ಇನ್ಕ್ಯುಬೇಟೆಡ್’ ಅಂತ ಸ್ಪಷ್ಟವಾಗಿ ಇತ್ತು. ಅಂದರೆ ಬೆರೆಸಿದ ತಕ್ಷಣ ಒಂದು ಸಲ, 37 ಡಿಗ್ರಿ ಬಿಸಿಯಲ್ಲಿ ಎರಡು ಗಂಟೆ ಇಟ್ಟು ಇನ್ನೊಂದು ಸಲ ನೋಡಬೇಕು. 1,500 ರೂಪಾಯಿ.

ರಿಪೋರ್ಟ್ ಬಂತು. ರೋಗಿ 77.5. ನಾರ್ಮಲ್ ಪ್ಲಾಸ್ಮಾ 31.0. ಬೆರೆಸಿದ ತಕ್ಷಣ 38.4. ಇನ್ಕ್ಯುಬೇಟ್ ಮಾಡಿದ ಮೇಲೆ 38.4. ಕೆಳಗೆ ದಪ್ಪ ಅಕ್ಷರದಲ್ಲಿ ‘ಕರೆಕ್ಟೆಡ್, ಫ್ಯಾಕ್ಟರ್ ಕೊರತೆ ಇರಬಹುದು’.

ನಾನು ಏನು ಮಾಡಿದೆ ಗೊತ್ತಾ? ಖುಷಿಪಟ್ಟೆ. ಎರಡೂ ಅಂಕಿ ಒಂದೇ ಇದೆಯಲ್ಲ, ಹಾಗಾದರೆ ಇನ್ಹಿಬಿಟರ್ ಇಲ್ಲ ಅಂದುಕೊಂಡೆ. ಡಾಕ್ಟರಿಗೂ ನಾನೇ ಹೇಳಿದೆ, “ಸರ್, ಕೊರತೆ ಅಷ್ಟೇ, ಪ್ಲಾಸ್ಮಾ ಕೊಡಬಹುದು ಅನ್ಸುತ್ತೆ.” ಅವರೂ ರಿಪೋರ್ಟ್ ನೋಡಿ ಒಪ್ಪಿದರು. ದಿನಕ್ಕೆ ನಾಲ್ಕು ಚೀಲದಂತೆ ಎರಡು ದಿನ ಪ್ಲಾಸ್ಮಾ ಹೋಯಿತು. ಎಪಿಟಿಟಿ 74. ನಾಲ್ಕು ಸೆಕೆಂಡ್ ಕೂಡ ಇಳಿಯಲಿಲ್ಲ. ಎರಡನೇ ರಾತ್ರಿ ಮಾವನಿಗೆ ಉಬ್ಬಸ ಬಂತು, ಅಷ್ಟು ನೀರು ಆ ವಯಸ್ಸಿನ ಹೃದಯ ತಡೆಯಲಿಲ್ಲ. ಮೂತ್ರದಲ್ಲಿ ನೀರು ಇಳಿಸುವ ಲ್ಯಾಸಿಕ್ಸ್ ಕೊಟ್ಟು, ಆಕ್ಸಿಜನ್ ಹಾಕಿ ಬೆಳಗು ಮಾಡಿದೆವು. ಅತ್ತೆ ಕಾರಿಡಾರಿನಲ್ಲಿ ಕೂತು ನನ್ನ ಮುಖವನ್ನೇ ನೋಡುತ್ತಿದ್ದರು. “ನಿಂಗೆ ಗೊತ್ತಿರೋ ಕೆಲ್ಸ ಅಲ್ವೇನಪ್ಪ” ಅಂದರು, ಅಷ್ಟೇ.

ಗೊತ್ತಿರುವ ಕೆಲಸವೇ. ಅದಕ್ಕೇ ಹೊಟ್ಟೆ ಉರಿಯುವುದು. ಈ ಮನುಷ್ಯ ಹರ್ನಿಯಾ ಆಪರೇಷನ್ ಮಾಡಿಸಿಕೊಂಡವರು, ಮೂರು ಹಲ್ಲು ಕೀಳಿಸಿದವರು. ಒಂದು ಸಲವೂ ರಕ್ತ ನಿಲ್ಲದೆ ಹೋಗಿದ್ದಿಲ್ಲ. ಹುಟ್ಟಿನಿಂದ ಫ್ಯಾಕ್ಟರ್ ಇಲ್ಲದವರು ಹೀಗಿರುತ್ತಾರಾ? 72ರಲ್ಲಿ ಇದ್ದಕ್ಕಿದ್ದಂತೆ ಮೈಯೆಲ್ಲ ನೀಲಿ ಕಟ್ಟಿದರೆ ಮೊದಲು ಇನ್ಹಿಬಿಟರನ್ನೇ ಅನುಮಾನಿಸಬೇಕಿತ್ತು. ಪ್ರಿಂಟಾದ ಕಾಗದ ಕೈಗೆ ಬಂದ ಮೇಲೆ ನಾನು ಯೋಚನೆ ಮಾಡುವುದನ್ನೇ ಬಿಟ್ಟೆ.

ಮೂರನೇ ದಿನ ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿನ ರಕ್ತರೋಗ ತಜ್ಞೆ ಫೈಲು ತೆರೆದು ಆ ರಿಪೋರ್ಟ್ ಮೇಲೆ ಬೆರಳಿಟ್ಟರು. “ಇನ್ಕ್ಯುಬೇಶನ್ ಎಷ್ಟು ಹೊತ್ತು ಮಾಡಿದಾರೆ?” ಅಂದರು. ಎರಡು ಗಂಟೆ ಇರಬೇಕು ಮೇಡಂ ಅಂದೆ. “37 ಡಿಗ್ರೀಲಿ ಎರಡು ಗಂಟೆ ಇಟ್ರೆ ನಾರ್ಮಲ್ ಪ್ಲಾಸ್ಮಾ ಕೂಡ ಒಂದೆರಡು ಸೆಕೆಂಡ್ ಏರುತ್ತೆ. ಫ್ಯಾಕ್ಟರ್ 8 ಬಿಸಿಯಲ್ಲಿ ಅಷ್ಟಷ್ಟೇ ಕೆಡ್ತಾ ಹೋಗುತ್ತೆ. 38.4 ಪಾಯಿಂಟ್ ಸಮೇತ ಹಾಗೇ ಹೇಗೆ ನಿಂತಿತು?” ಅಂದರು. ಆಮೇಲೆ ಬೆರಳನ್ನು ಮೇಲಕ್ಕೆ ಸರಿಸಿದರು. ಸ್ಯಾಂಪಲ್ ತಲುಪಿದ್ದು 11:20. ರಿಪೋರ್ಟ್ ಸಹಿ ಆಗಿದ್ದು 12:05.

ನಲವತ್ತೈದು ನಿಮಿಷ. ಸೆಂಟ್ರಿಫ್ಯೂಜಿಗೇ ಹದಿನೈದು ನಿಮಿಷ ಬೇಕು. ಆ ಎರಡು ಟೈಮು ನನ್ನ ಕಣ್ಣೆದುರೇ ಇತ್ತು, ಮೂರು ದಿನ ಅದೇ ಕಾಗದ ನನ್ನ ಶರ್ಟ್ ಜೇಬಿನಲ್ಲೇ ಇತ್ತು. ಎರಡನೇ ಅಂಕಿಯನ್ನು ಅವರು ಪರೀಕ್ಷೆ ಮಾಡಿ ಬರೆದೇ ಇಲ್ಲ. ಮೊದಲನೆಯದನ್ನೇ ಕೆಳಗೆ ಇಳಿಸಿದ್ದಾರೆ.

ಅಲ್ಲಿ ಮತ್ತೆ ಸರಿಯಾಗಿ ಮಾಡಿದರು. ನನ್ನನ್ನು ಒಳಗೆ ಕರೆದು ತೋರಿಸಿದರು. ವಾಟರ್ ಬಾತಿನಲ್ಲಿ 37 ಡಿಗ್ರಿಗೆ ಮೂರು ಟ್ಯೂಬು. ಒಂದರಲ್ಲಿ ಮಾವನ ಪ್ಲಾಸ್ಮಾ ಒಂದೇ, ಒಂದರಲ್ಲಿ ನಾರ್ಮಲ್ ಒಂದೇ, ಇನ್ನೊಂದರಲ್ಲಿ ಎರಡೂ ಬೆರೆಸಿದ್ದು. ಎರಡು ಗಂಟೆ ಬಿಟ್ಟರು. ಮಾವನ ಎಪಿಟಿಟಿ 81, ನಾರ್ಮಲ್ 30. ಬೆರೆಸಿದ ತಕ್ಷಣ ನೋಡಿದಾಗ 38 ಇತ್ತು. ಮೊದಲ ಲ್ಯಾಬಿಗೆ ಬಂದ ಹಾಗೇ, ನೋಡೋಕೆ ಚೆನ್ನಾಗಿಯೇ ಇತ್ತು. ಎರಡು ಗಂಟೆ ಒಟ್ಟಿಗೆ ಇದ್ದ ಮಿಶ್ರಣ 66. ಬೇರೆ ಬೇರೆ ಟ್ಯೂಬಿನಲ್ಲಿ ಎರಡು ಗಂಟೆ ಇದ್ದು, ಕೊನೆಗೆ ಬೆರೆಸಿದ್ದು 41.

ಈ 66 ಮತ್ತು 41ರ ನಡುವಿನ ಅಂತರವೇ ಉತ್ತರ. ಬಿಸಿಗೆ ಕೆಟ್ಟಿದ್ದಾದರೆ ಎರಡೂ ಒಂದೇ ಥರ ಏರಬೇಕಿತ್ತು. ಒಟ್ಟಿಗೆ ಕೂತಿದ್ದು ಮಾತ್ರ ಅಷ್ಟು ಏರಿದೆ ಅಂದರೆ, ಮಾವನ ಪ್ಲಾಸ್ಮಾದಲ್ಲಿ ಇರುವ ಏನೋ ಒಂದು ನಾರ್ಮಲ್ ಪ್ಲಾಸ್ಮಾದ ಫ್ಯಾಕ್ಟರನ್ನು ನಿಧಾನವಾಗಿ ತಿಂದುಹಾಕಿದೆ. ಫ್ಯಾಕ್ಟರ್ 8ರ ಮೇಲೆ ಹುಟ್ಟುವ ಆಂಟಿಬಾಡಿಯ ಗುಣವೇ ಇದು. ತಕ್ಷಣ ಕೆಲಸ ಮಾಡುವುದಿಲ್ಲ, ಅದಕ್ಕೆ ಹೊತ್ತು ಬೇಕು, ಬಿಸಿ ಬೇಕು. ಲೂಪಸ್ ಆಂಟಿಕೋಯಾಗ್ಯುಲಂಟ್ ಅನ್ನುವ ಇನ್ನೊಂದು ಥರದ ಇನ್ಹಿಬಿಟರ್ ಸಾಮಾನ್ಯವಾಗಿ ಬೆರೆಸಿದ ತಕ್ಷಣವೇ ಮುಖ ತೋರಿಸುತ್ತದೆ. ಇದು ಹಾಗಲ್ಲ.

ಆಮೇಲೆ ಫ್ಯಾಕ್ಟರ್ 8 ನೋಡಿದರು, ಬರೀ 2 ಪರ್ಸೆಂಟ್. 9, 11, 12 ಸರಿ ಇದ್ದವು. ಇನ್ಹಿಬಿಟರ್ 22 ಬೆಥೆಸ್ಡಾ ಯೂನಿಟ್. ಎರಡು ಗಂಟೆಯಲ್ಲಿ ಫ್ಯಾಕ್ಟರ್ 8ರ ಅರ್ಧ ಶಕ್ತಿ ಕಳೆಯುವಷ್ಟು ಆಂಟಿಬಾಡಿ ಇದ್ದರೆ ಒಂದು ಯೂನಿಟ್. ಮಾವನಲ್ಲಿ 22. ನಾವು ಎರಡು ದಿನ ಸುರಿದ ಎಂಟು ಚೀಲದ ಫ್ಯಾಕ್ಟರ್ ಎಲ್ಲಿ ಹೋಯಿತು ಅಂತ ಆಗ ಅರ್ಥವಾಯಿತು.

ವಾಪಸ್ ಬಂದು ಜಿಲ್ಲಾ ಕೇಂದ್ರದ ಆ ಲ್ಯಾಬಿಗೆ ಹೋದೆ. ಕೌಂಟರಿನ ಹುಡುಗ ಒಳಗಿನವರನ್ನು ಕರೆದ. ನಾನು ಕೇಳಿದ್ದು ಒಂದೇ ಪ್ರಶ್ನೆ, ಇನ್ಕ್ಯುಬೇಶನ್ ಮಾಡಿದ್ರಾ ಇಲ್ವಾ?

“ಇಮ್ಮಿಡಿಯೇಟಲ್ಲೇ ಕರೆಕ್ಟ್ ಆಯ್ತಲ್ಲ ಸರ್. ಆಮೇಲೆ ಇನ್ಕ್ಯುಬೇಶನ್ ಯಾಕೆ? ಕರೆಕ್ಟ್ ಆಗದಿದ್ರೆ ಮಾತ್ರ ಮಾಡ್ತೀವಿ.”

ಪೂರ್ತಿ ಉಲ್ಟಾ! ತಕ್ಷಣ ಇಳಿಯದಿದ್ದರೆ ಇನ್ಹಿಬಿಟರ್ ಇದೆ ಅನ್ನುವುದು ಆಗಲೇ ಹೆಚ್ಚುಕಡಿಮೆ ಗೊತ್ತಾಗುತ್ತದೆ. ತಕ್ಷಣ ಇಳಿದಾಗಲೇ ಅಲ್ವಾ ಎರಡು ಗಂಟೆ ಕಾಯಬೇಕಾಗಿರುವುದು? ಸರಿ, ಮಾಡಿಲ್ಲ ಅಂದಮೇಲೆ 38.4 ಅಂತ ಯಾಕೆ ಬರೆದಿರಿ ಅಂದೆ.

“ಆ ಕಾಲಂ ಖಾಲಿ ಬಿಟ್ರೆ ಸಾಫ್ಟ್‌ವೇರ್ ರಿಪೋರ್ಟ್ ಪ್ರಿಂಟ್ ಕೊಡಲ್ಲ ಸರ್.”

ಈ ಮಾತು ಇವತ್ತಿಗೂ ಕಿವಿಯಲ್ಲಿದೆ. ಪ್ರಿಂಟ್ ಕೊಡಲ್ಲ ಅಂತ. ಅಲ್ಲಿ ನಿಂತು ಕೈ ನಡುಗಿತು ನನಗೆ. ಆಮೇಲೆ ಮ್ಯಾನೇಜರ್ ಬಂದರು. “ಕೆಳಗೆ ಕ್ಲಿನಿಕಲ್ ಕೋರಿಲೇಶನ್ ಮಾಡಿಕೊಳ್ಳಿ ಅಂತ ಹಾಕಿದೀವಲ್ಲ ಸರ್” ಅಂದರು. ಅಂದರೆ ರಿಪೋರ್ಟನ್ನು ರೋಗಿಯ ಲಕ್ಷಣದ ಜೊತೆ ಹೋಲಿಸಿ ನೀವೇ ನೋಡಿಕೊಳ್ಳಿ ಅಂತ. ನೀವೂ ಲ್ಯಾಬಿನವರೇ, ನಿಮಗೆ ಗೊತ್ತಿರಲ್ವಾ ಅಂದರು. ಕೊನೆಗೆ 1,500 ವಾಪಸ್ ಕೊಡುತ್ತೇವೆ, ಎಲ್ಲೂ ಹೇಳಬೇಡಿ ಅಂದರು. ದುಡ್ಡು ತಗೊಳ್ಳಲಿಲ್ಲ. ಲಿಖಿತವಾಗಿ ದೂರು ಕೊಟ್ಟಿದ್ದೇನೆ, ಇನ್ನೂ ಉತ್ತರ ಇಲ್ಲ.

ನಿಮ್ಮ ಮನೆಯವರ ರಿಪೋರ್ಟ್ ಬಂದರೆ ‘ಕರೆಕ್ಟೆಡ್’ ಅನ್ನುವ ಪದ ಬಿಡಿ, ಅಂಕಿ ಕೇಳಿ. ಎಷ್ಟು ಹೊತ್ತು ಇಟ್ಟಿದ್ದರು, ಬೇರೆ ಬೇರೆ ಇಟ್ಟು ಬೆರೆಸಿದ ಕಂಟ್ರೋಲ್ ಅಂಕಿ ಎಲ್ಲಿ ಅಂತ ಕೇಳಿ. ಸ್ಯಾಂಪಲ್ ತಲುಪಿದ ಹೊತ್ತು ಮತ್ತು ರಿಪೋರ್ಟ್ ಹೊತ್ತು ಕಳೆದು ನೋಡಿ. ಎರಡು ಗಂಟೆಗಿಂತ ಕಡಿಮೆ ಇದ್ದರೆ ಎರಡು ಗಂಟೆಯ ಪರೀಕ್ಷೆ ಆಗಿಲ್ಲ. ವಯಸ್ಸಾದವರಲ್ಲಿ, ಹೆರಿಗೆಯಾಗಿ ಕೆಲವು ತಿಂಗಳಾದ ಹೆಂಗಸರಲ್ಲಿ ಹೀಗೆ ಹೊಸದಾಗಿ ನೀಲಿ ಕಟ್ಟಿ ಎಪಿಟಿಟಿ ಮಾತ್ರ ಜಾಸ್ತಿ ಬಂದರೆ, ನೇರವಾಗಿ ರಕ್ತರೋಗ ತಜ್ಞರ ಹತ್ತಿರ ಹೋಗಿ. ಅಲ್ಲಿಯ ತನಕ ಮಾಂಸಖಂಡಕ್ಕೆ ಇಂಜೆಕ್ಷನ್ ಹಾಕಿಸಬೇಡಿ. ಮಾವನ ಸೊಂಟದ ಆ ಗಡ್ಡೆ ಕರಗಲು ಐದು ವಾರ ಬೇಕಾಯಿತು.

ಬೆಂಗಳೂರಿನಲ್ಲಿ ರಕ್ತ ನಿಲ್ಲಿಸಲು ಆಕ್ಟಿವೇಟೆಡ್ ಫ್ಯಾಕ್ಟರ್ 7 ಇಂಜೆಕ್ಷನ್ ಕೊಟ್ಟರು. ಅದು ಫ್ಯಾಕ್ಟರ್ 8ರ ದಾರಿಯನ್ನೇ ಬಿಟ್ಟು ಬೇರೆ ದಾರಿಯಲ್ಲಿ ಹೆಪ್ಪುಗಟ್ಟಿಸುತ್ತದೆ. ಕೆಲವೇ ಗಂಟೆಗೆ ಒಂದರಂತೆ ಬೇಕು, ಬೆಲೆ ಕೇಳಿ ಅತ್ತೆ ಬಳೆ ತೆಗೆದು ಕೊಟ್ಟರು. ಆಂಟಿಬಾಡಿ ಇಳಿಸಲು ಪ್ರೆಡ್ನಿಸೋಲೋನ್, ಜೊತೆಗೆ ಸೈಕ್ಲೋಫಾಸ್ಫಮೈಡ್ ಶುರುವಾಗಿದೆ. ಈಗ ಫ್ಯಾಕ್ಟರ್ 8 ನಿಧಾನವಾಗಿ 34ಕ್ಕೆ ಏರಿದೆ. ನಿನ್ನೆ ಎಪಿಟಿಟಿ ನಾನೇ ಮಾಡಿದೆ, ಎರಡು ಸಲ ಮಾಡಿದೆ. 39 ಬಂತು. ಮುಂಗೈಯ ನೇರಳೆ ಬಣ್ಣ ಹಳದಿಗೆ ತಿರುಗಿದೆ.