ಮೂರು ಬಗೆಯ ಗೋಡೆ ಕ್ಯಾಲೆಂಡರ್, ನಾಲ್ಕು ಚೌಕ: ಯಾವುದರಲ್ಲಿ ಓದುವುದು ಸುಲಭ?

ಗೋಡೆಗೆ ತೂಗುಹಾಕುವ ಕ್ಯಾಲೆಂಡರ್‌ಗಳಲ್ಲಿ ಮೂರು ಬಗೆ. ಮೊದಲನೆಯದು ತಿಂಗಳ ಹಾಳೆ. ಪ್ರತಿ ಚೌಕದಲ್ಲೂ ತಿಥಿ, ನಕ್ಷತ್ರ ಮತ್ತು ಅವು ಮುಗಿಯುವ ಹೊತ್ತನ್ನು ಗಂಟೆ-ನಿಮಿಷದಲ್ಲಿ ಕೊಟ್ಟಿರುತ್ತಾರೆ. ಎರಡನೆಯದು ಅಂಗಡಿಯವರು ಹಂಚುವ ದಪ್ಪ ಅಂಕಿಯ ಹಾಳೆ. ಅದರಲ್ಲಿ ತಿಥಿಯ ಹೆಸರು ಮಾತ್ರ, ಹೊತ್ತು ಇಲ್ಲ. ಮೂರನೆಯದರಲ್ಲಿ ಹೊತ್ತು ಇದೆ, ಆದರೆ ಪಂಚಾಂಗದ ರೀತಿಯಲ್ಲಿ ಘಳಿಗೆ-ವಿಘಳಿಗೆ. ಹೊಸಬರಿಗೆ ಯಾವುದು ಒಳ್ಳೆಯದು ಎಂದು ನೋಡಲು 2025ರ ಮಾರ್ಚ್ 30ರಿಂದ ಏಪ್ರಿಲ್ 2ರವರೆಗಿನ ನಾಲ್ಕು ದಿನಗಳನ್ನು ಮೂರು ಬಗೆಯಲ್ಲೂ ಓದಿ ನೋಡಿದೆವು. ಓದುವವರು ಎಡವುವ ಜಾಗಗಳೆಲ್ಲ ಈ ನಾಲ್ಕು ದಿನಗಳಲ್ಲೇ ಸಿಗುತ್ತವೆ.

ಮೊದಲ ತೊಡಕು ಮಾರ್ಚ್ 30 ಎಲ್ಲಿದೆ ಎಂಬುದೇ. ಆ ಮಾರ್ಚ್ ಶನಿವಾರ ಶುರುವಾಯಿತು. ಐದು ಸಾಲಿನ ಹಾಳೆಯಲ್ಲಿ ಕೊನೆಯ ಎರಡು ದಿನಕ್ಕೆ ಜಾಗ ಉಳಿಯುವುದಿಲ್ಲ. ಹಾಗಾಗಿ 30, 31ನ್ನು ಮೇಲಿನ ಸಾಲಿನ ಖಾಲಿ ಚೌಕಗಳಿಗೆ ಏರಿಸುತ್ತಾರೆ, ಇಲ್ಲವೇ 23, 24ರ ಚೌಕದಲ್ಲೇ ತುರುಕುತ್ತಾರೆ. ಮೇಲಕ್ಕೆ ಏರಿಸಿದ ಹಾಳೆಯಲ್ಲಿ 30ರ ಯುಗಾದಿಯನ್ನು ಕೆಳಗೆ ಹುಡುಕಿದರೆ ಸಿಗದು. ತಲೆಯ ಮೂಲೆಯಲ್ಲಿ ಕೂತಿರುತ್ತದೆ.

ಈಗ ಗಂಟೆ-ನಿಮಿಷದ ಹಾಳೆ. ಆಕಾಶದಲ್ಲಿ ಸೂರ್ಯ-ಚಂದ್ರ ನಿಜವಾಗಿ ಇರುವ ಜಾಗಕ್ಕೆ ಹೊಂದಿಸಿದ ಲೆಕ್ಕವಾದ ದೃಗ್ಗಣಿತದಲ್ಲಿ ಮಾರ್ಚ್ 30ರ ಚೌಕ ಹೀಗಿರುತ್ತದೆ: ಚೈತ್ರ ಶು. ಪಾಡ್ಯ 12.49, ರೇವತಿ 4.35. ಹೊಸಬರು ಇದನ್ನು ಓದುವುದು ‘ಪಾಡ್ಯ 12.49ಕ್ಕೆ ಶುರು’ ಎಂದು. ಅದು ತಪ್ಪು. ಅಚ್ಚಾಗಿರುವುದು ಮುಗಿಯುವ ಹೊತ್ತು. ಸೂರ್ಯೋದಯದ ವೇಳೆಗೆ ಯಾವ ತಿಥಿ ಇದೆಯೋ ಅದರ ಹೆಸರು ಆ ದಿನಕ್ಕೆ; ಪಕ್ಕದ ಅಂಕಿ ಅದು ಎಲ್ಲಿಯವರೆಗೆ ಎಂಬುದು. ಅಂದರೆ ಮಧ್ಯಾಹ್ನ 12.49ರವರೆಗೆ ಪಾಡ್ಯ, ಆಮೇಲೆ ಬಿದಿಗೆ. ನಕ್ಷತ್ರವೂ ಹಾಗೆಯೇ: ಸಂಜೆ 4.35ರವರೆಗೆ ರೇವತಿ, ನಂತರ ಅಶ್ವಿನಿ. ಆ ದಿನ ಸಂಜೆ ಆರಕ್ಕೆ ಹುಟ್ಟಿದ ಮಗುವಿನ ಜನ್ಮನಕ್ಷತ್ರ ಅಶ್ವಿನಿ, ಚೌಕದಲ್ಲಿ ಎದ್ದು ಕಾಣುವ ರೇವತಿ ಅಲ್ಲ. ಬರೀ ಹೆಸರಿನ ಕ್ಯಾಲೆಂಡರ್ ಕೈಕೊಡುವುದು ಇಲ್ಲೇ. ಅದನ್ನು ನಂಬಿ ನಕ್ಷತ್ರ ಬರೆದಿಟ್ಟರೆ ಆ ತಪ್ಪು ಜಾತಕದವರೆಗೂ ಹೋಗುತ್ತದೆ.

ಮುಂದಿನ ಎರಡು ಚೌಕಗಳನ್ನು ಒಟ್ಟಿಗೆ ಓದಬೇಕು. 31ರಂದು ಬಿದಿಗೆ ಬೆಳಿಗ್ಗೆ 9.11ರವರೆಗೆ. ಏಪ್ರಿಲ್ 1ರ ಚೌಕದಲ್ಲಿ ನೋಡಿದರೆ ಚೌತಿ! ತದಿಗೆ ಎಲ್ಲಿ ಹೋಯಿತು? ಅದು 31ರ ಬೆಳಿಗ್ಗೆ 9.11ಕ್ಕೆ ಬಂದು, ಏಪ್ರಿಲ್ 1ರ ಬೆಳಗಿನ ಜಾವ 5.42ಕ್ಕೆ ಮುಗಿಯಿತು. ಬೆಂಗಳೂರಿನಲ್ಲಿ ಆಗ ಸೂರ್ಯ ಹುಟ್ಟುವುದು ಸುಮಾರು 6.15ಕ್ಕೆ. ಎರಡು ಸೂರ್ಯೋದಯಗಳ ನಡುವೆಯೇ ಬಂದು ಹೋದ ತದಿಗೆಗೆ ತನ್ನದೆಂಬ ದಿನ ಸಿಗಲಿಲ್ಲ. ಇದೇ ಕ್ಷಯ ತಿಥಿ. ಸೂರ್ಯನಿಂದ ಚಂದ್ರ 12 ಡಿಗ್ರಿ ಮುಂದೆ ಸರಿಯಲು ಹಿಡಿಯುವ ಕಾಲವೇ ಒಂದು ತಿಥಿ. ಚಂದ್ರನ ವೇಗ ಒಂದೇ ಸಮನಿರುವುದಿಲ್ಲವಾದ್ದರಿಂದ ತಿಥಿ ಸುಮಾರು 19 ಗಂಟೆಗೂ ಇಳಿಯಬಹುದು, 26 ಗಂಟೆಗೂ ಏರಬಹುದು. ಉದ್ದ ತಿಥಿ ಎರಡು ಸೂರ್ಯೋದಯಗಳನ್ನು ಮುಟ್ಟಿದರೆ ಅದೇ ಹೆಸರು ಎರಡು ದಿನ ಬರುತ್ತದೆ, ಅದು ವೃದ್ಧಿ. ಎರಡೂ ಮುದ್ರಣದೋಷವಲ್ಲ.

ಗಂಟೆ-ನಿಮಿಷದ ಹಾಳೆಯಲ್ಲಿ 31ರ ಚೌಕದ ಬಿದಿಗೆಯ ಕೆಳಗೆ ಸಣ್ಣಕ್ಷರದಲ್ಲಿ ತದಿಗೆ, ಅದರ ಮುಂದೆ 5.42 ಎಂದು ಇರುತ್ತದೆ. ಇದು 31ರ ಬೆಳಗಿನ 5.42 ಅಲ್ಲ, ಮರುದಿನದ್ದು. ಪಂಚಾಂಗದ ದಿನ ನಡುರಾತ್ರಿಗೆ ಬದಲಾಗದೆ ಸೂರ್ಯೋದಯದಿಂದ ಸೂರ್ಯೋದಯಕ್ಕೆ ನಡೆಯುವುದರಿಂದ ನಡುರಾತ್ರಿ ದಾಟಿದ ಹೊತ್ತನ್ನೂ ಹಿಂದಿನ ದಿನದ ಚೌಕದಲ್ಲೇ ಬರೆಯುತ್ತಾರೆ. ಕೆಲವರು ಅದನ್ನೇ 29.42 ಎಂದು ಹಾಕುತ್ತಾರೆ. 24 ಕಳೆದರೆ ಸರಿಹೋಗುತ್ತದೆ. ನೋಡಲು ವಿಚಿತ್ರ, ಆದರೆ ನಮ್ಮ ಲೆಕ್ಕದಲ್ಲಿ ಇದೇ ಹೆಚ್ಚು ಸ್ಪಷ್ಟ. ಏಪ್ರಿಲ್ 1ರ ಬೆಳಗಿನ ಜಾವ ಐದಕ್ಕೆ ಹುಟ್ಟಿದವರು ಏಪ್ರಿಲ್ 1ರ ಚೌಕ ನೋಡಿ ಚೌತಿ ಎಂದುಕೊಂಡರೆ ತಪ್ಪಾಗುತ್ತದೆ. ಸೂರ್ಯೋದಯಕ್ಕೆ ಮುಂಚಿನ ಜನನಕ್ಕೆ ಹಿಂದಿನ ಚೌಕ ನೋಡಬೇಕು, ಅಲ್ಲಿ ತದಿಗೆ ಇದೆ. ಬರೀ ಹೆಸರಿನ ಕ್ಯಾಲೆಂಡರ್‌ನಲ್ಲಿ 31 ಬಿದಿಗೆ, 1 ಚೌತಿ, ಅಷ್ಟೇ. ತದಿಗೆಯ ಸುಳಿವೂ ಇರುವುದಿಲ್ಲ.

ಘಳಿಗೆಯ ಕ್ಯಾಲೆಂಡರ್‌ನಲ್ಲಿ ಮಾಹಿತಿಗೆ ಕೊರತೆಯಿಲ್ಲ, ಓದುವುದಕ್ಕೆ ಲೆಕ್ಕ ಬೇಕು. ಒಂದು ಘಳಿಗೆಗೆ 24 ನಿಮಿಷ, ಒಂದು ವಿಘಳಿಗೆಗೆ 24 ಸೆಕೆಂಡು; ಎಣಿಕೆ ಶುರುವಾಗುವುದು ಆ ದಿನದ ಸೂರ್ಯೋದಯದಿಂದ. 31ರ ಚೌಕದಲ್ಲಿ ಬಿದಿಗೆ 7-20 ಎಂದಿದ್ದರೆ ಏಳನ್ನು 24ರಿಂದ ಗುಣಿಸಿ, 168 ನಿಮಿಷ. 20 ವಿಘಳಿಗೆ ಅಂದರೆ 8 ನಿಮಿಷ. ಒಟ್ಟು 176, ಅಂದರೆ 2 ಗಂಟೆ 56 ನಿಮಿಷ. ಸೂರ್ಯೋದಯ 6.15ಕ್ಕೆ ಸೇರಿಸಿದರೆ 9.11. ಅಪಾಯ ಏನೆಂದರೆ 7-20ನ್ನು ಬೆಳಿಗ್ಗೆ ಏಳು ಇಪ್ಪತ್ತು ಎಂದು ಓದಿಬಿಡುವುದು; ಅದೂ ನಂಬುವಂಥ ಹೊತ್ತೇ ಆದ್ದರಿಂದ ತಪ್ಪು ಗೊತ್ತೇ ಆಗುವುದಿಲ್ಲ. ಹಾಳೆಯ ತಲೆಯಲ್ಲಿ ‘ಘ. ವಿ.’ ಇದೆಯೋ ‘ಗಂ. ಮಿ.’ ಇದೆಯೋ ಮೊದಲು ನೋಡಿ. ತಿಂಗಳಿಡೀ ಜೋಡಿಯ ಮೊದಲ ಅಂಕಿ ಒಮ್ಮೆಯಾದರೂ 24 ದಾಟಿ 40, 50ಕ್ಕೆ ಹೋಗಿದ್ದರೆ ಅದು ಘಳಿಗೆ. ಗಂಟೆಯ ಲೆಕ್ಕದಲ್ಲಿ 30 ಕೂಡ ಅಪರೂಪ.

ಎರಡು ಕ್ಯಾಲೆಂಡರ್ ಪಕ್ಕಪಕ್ಕ ಇಟ್ಟಾಗ ಹೊತ್ತು ಹೊಂದದಿದ್ದರೆ ಗಾಬರಿಯಾಗಬೇಡಿ. ಒಂದು ದೃಗ್ಗಣಿತ, ಇನ್ನೊಂದು ಹಳೆಯ ಗ್ರಂಥದ ಲೆಕ್ಕವಾದ ಸೂರ್ಯಸಿದ್ಧಾಂತ ಆಗಿದ್ದರೆ ವ್ಯತ್ಯಾಸ ಗಂಟೆಗಳಿಗೂ ಹೋಗುತ್ತದೆ. ಮನೆಯಲ್ಲಿ ಯಾವುದನ್ನು ಅನುಸರಿಸುತ್ತಾರೋ ಅದನ್ನೇ ಹಿಡಿಯಿರಿ. ತಿಥಿ ಒಂದರಿಂದ, ನಕ್ಷತ್ರ ಇನ್ನೊಂದರಿಂದ ತೆಗೆಯಬೇಡಿ.

ಬ್ಯಾಂಕ್ ರಜೆಗೆ ಬಂದರೆ ಫಲಿತಾಂಶ ತಿರುವುಮುರುವು. ದಪ್ಪ ಅಂಕಿಯ ಹಾಳೆಯೇ ಇಲ್ಲಿ ಗೆಲ್ಲುತ್ತದೆ, ಏಕೆಂದರೆ ಗುರುತು ದೂರದಿಂದಲೇ ಕಾಣುತ್ತದೆ. ಆದರೆ ಕೆಂಪು ಅಂಕಿಯೆಲ್ಲ ಬ್ಯಾಂಕ್ ರಜೆಯಲ್ಲ, ಕಪ್ಪು ಅಂಕಿಯೆಲ್ಲ ಕೆಲಸದ ದಿನವೂ ಅಲ್ಲ. ಮಾರ್ಚ್ 29 ಶನಿವಾರ, ಆ ತಿಂಗಳ ಐದನೆಯದು; ಬ್ಯಾಂಕ್ ತೆರೆದಿತ್ತು. 2015ರ ಸೆಪ್ಟೆಂಬರ್ 1ರಿಂದ ರಜೆ ಇರುವುದು ಎರಡನೇ ಮತ್ತು ನಾಲ್ಕನೇ ಶನಿವಾರಕ್ಕೆ ಮಾತ್ರ. ತಾರೀಖಿನ ಮೇಲೆ ಲೆಕ್ಕ ಸುಲಭ: 8ರಿಂದ 14ರ ನಡುವಿನ ಶನಿವಾರ ಎರಡನೆಯದು, 22ರಿಂದ 28ರ ನಡುವಿನದು ನಾಲ್ಕನೆಯದು. 30 ಭಾನುವಾರ, ಯುಗಾದಿಯೂ ಅಂದೇ. 31 ರಂಜಾನ್. ಏಪ್ರಿಲ್ 1 ಬಹುತೇಕ ಹಾಳೆಗಳಲ್ಲಿ ಕಪ್ಪು ಅಂಕಿ, ಆದರೆ ಪಕ್ಕದಲ್ಲಿ ಬ್ಯಾಂಕ್ ಗುರುತು: ವಾರ್ಷಿಕ ಲೆಕ್ಕ ಮುಕ್ತಾಯಕ್ಕಾಗಿ ಗ್ರಾಹಕರಿಗೆ ಬಾಗಿಲು ಮುಚ್ಚಿರುತ್ತದೆ. ಗುರುತು ನೋಡದವರು 29ರಂದು ಮುಗಿಸಬಹುದಾಗಿದ್ದ ಕೆಲಸಕ್ಕೆ 2ರವರೆಗೆ ಕಾಯಬೇಕಾಯಿತು. ಪರಿಮಿತ ರಜೆಯ ಗುರುತೇ ಬೇರೆ. ಅದು ನೌಕರರು ಆಯ್ದುಕೊಳ್ಳುವ ರಜೆ, ಬ್ಯಾಂಕ್ ಮುಚ್ಚುವುದಿಲ್ಲ. ಯಾವ ಗುರುತಿಗೆ ಏನರ್ಥ ಎಂಬುದು ಸಾಮಾನ್ಯವಾಗಿ ಹಾಳೆಯ ಅಡಿಯಲ್ಲೋ ಹಿಂಬದಿಯಲ್ಲೋ ಇರುತ್ತದೆ.

ಆದರೂ ಅಚ್ಚಾದ ಮೇಲೆ ಬದಲಾಗುವುದನ್ನು ಯಾವ ಹಾಳೆಯೂ ಹೇಳಲಾರದು. ರಂಜಾನ್ ಚಂದ್ರದರ್ಶನದ ಮೇಲೆ ನಿಂತಿದ್ದು, ಒಂದು ದಿನ ಆಚೀಚೆ ಆಗಬಹುದು. ಅದೇ ಮಾರ್ಚ್ 31ರಂದು, ಹಣಕಾಸು ವರ್ಷದ ಕೊನೆಯ ದಿನವೆಂದು, ಸರ್ಕಾರಿ ವ್ಯವಹಾರ ನೋಡುವ ಬ್ಯಾಂಕ್ ಶಾಖೆಗಳನ್ನು ತೆರೆದಿಡಲು ರಿಸರ್ವ್ ಬ್ಯಾಂಕ್ ಫೆಬ್ರವರಿಯಲ್ಲಿ ಸೂಚಿಸಿತು. ಅಷ್ಟರಲ್ಲಿ ಆ ವರ್ಷದ ಕ್ಯಾಲೆಂಡರ್‌ಗಳು ಗೋಡೆ ಏರಿ ತಿಂಗಳು ದಾಟಿತ್ತು.