ವಾಷಿಂಗ್ ಮಷೀನ್ ಅರ್ಧಕ್ಕೆ ನಿಂತಾಗ ಮೊದಲು ಫಿಲ್ಟರ್‌ಗೆ ಕೈ ಹಾಕಬೇಡಿ

ನನ್ನ ಬಲಗೈ ಮಣಿಕಟ್ಟಿನ ಮೇಲೆ ಈಗಲೂ ಅಂಗೈ ಅಗಲದ ಸುಟ್ಟ ಕಲೆ ಇದೆ. ಒಲೆಯಿಂದ ಆದದ್ದಲ್ಲ, ವಾಷಿಂಗ್ ಮಷೀನ್‌ನಿಂದ ಆದದ್ದು. ಮಳೆಗಾಲದಲ್ಲಿ ಕರೆಂಟ್ ಕೈಕೊಡುವ ಊರಲ್ಲಿರುವವರು, ಮುಖ್ಯವಾಗಿ ಮುಂದೆ ಬಾಗಿಲಿರುವ ಫ್ರಂಟ್ ಲೋಡ್ ಮಷೀನ್ ಇಟ್ಟುಕೊಂಡವರು, ದಯವಿಟ್ಟು ಇದನ್ನು ಪೂರ್ತಿ ಓದಿ.

ನಮ್ಮ ಮನೆ ತೀರ್ಥಹಳ್ಳಿ ಕಡೆ. ಜುಲೈ ತಿಂಗಳು, ಜಡಿಮಳೆ. ಅತ್ತೆ ಹಾಸಿಗೆ ಹಿಡಿದಿದ್ದರು. ಅವರ ಬೆಡ್‌ಶೀಟು, ಹೊದಿಕೆಗಳನ್ನು ಚೆನ್ನಾಗಿ ಬಿಸಿನೀರಲ್ಲಿ ಒಗೆಯಬೇಕು ಅಂತ 90 ಡಿಗ್ರಿಗೆ ಇಟ್ಟು ಮಷೀನ್ ಹಾಕಿದ್ದೆ. ಒಂದು ಗಂಟೆ ಓಡಿರಬಹುದು, ಎಲ್ಲೋ ಲೈನ್ ಮೇಲೆ ಮರ ಬಿತ್ತು. ಕರೆಂಟ್ ಹೋಯಿತು.

ಮುಕ್ಕಾಲು ಗಂಟೆ ಕಾದೆ. ಬರಲಿಲ್ಲ. ಬಾಗಿಲು ಎಳೆದು ನೋಡಿದೆ, ಲಾಕ್ ಆಗಿಯೇ ಇತ್ತು. ಬಟ್ಟೆ ಸೋಪಿನ ನೀರಲ್ಲೇ ರಾತ್ರಿಯೆಲ್ಲ ಕೊಳೆತರೆ ವಾಸನೆ ಬರುತ್ತದೆ, ಅತ್ತೆಗೆ ಬೇರೆ ಹೊದಿಕೆಯೂ ಸಾಲದು ಅನ್ನುವ ಗಡಿಬಿಡಿ. ಮಷೀನ್‌ನ ಕೆಳಗಡೆ ಮೂಲೆಯಲ್ಲಿ ಒಂದು ಚಿಕ್ಕ ಮುಚ್ಚಳ ಇರುತ್ತದಲ್ವಾ, ಅದರ ಹಿಂದೆ ಫಿಲ್ಟರ್ ಇರುತ್ತದೆ, ಅದನ್ನು ತಿರುಗಿಸಿದರೆ ನೀರು ಹೋಗುತ್ತದೆ ಅಂತ ಗೊತ್ತಿತ್ತು. ಒಂದು ಪರಾತ ಹಿಡಿದು ಕೂತು, ಫಿಲ್ಟರನ್ನು ನಾಲ್ಕೈದು ಸುತ್ತು ತಿರುಗಿಸಿಬಿಟ್ಟೆ.

ನೀರು ಒಮ್ಮೆಲೇ ನುಗ್ಗಿತು. ಕೈ ಮೇಲೆ ಬಿದ್ದಾಗ ಕುದಿಯುವ ನೀರೇ ಅನ್ನಿಸಿತು. ಕರೆಂಟ್ ಹೋಗಿ ಅಷ್ಟು ಹೊತ್ತಾದರೂ ಬಿಸಿ ಇಳಿದಿರಲಿಲ್ಲ. ಬಟ್ಟೆ ತುಂಬಿದ ಮುಚ್ಚಿದ ತೊಟ್ಟಿ ತುಂಬಾ ನಿಧಾನವಾಗಿ ಆರುತ್ತದೆ ಅಂತ ನನಗೆ ಹೊಳೆದೇ ಇರಲಿಲ್ಲ. 60 ಡಿಗ್ರಿಯ ನೀರು ದೊಡ್ಡವರ ಚರ್ಮವನ್ನು ಐದಾರು ಸೆಕೆಂಡಲ್ಲೇ ಸುಡುತ್ತದೆ. ನನ್ನದು ಅದಕ್ಕಿಂತ ಜಾಸ್ತಿ ಬಿಸಿ ಇದ್ದಿರಬೇಕು. ಫಿಲ್ಟರ್ ಕೈಯಿಂದ ಜಾರಿ ಮಷೀನ್ ಅಡಿಗೆ ಹೋಯಿತು. ನಾನು ಬಚ್ಚಲಿಗೆ ಓಡಿ ಕೈ ತಣ್ಣೀರಿಗೆ ಹಿಡಿದೆ.

ಅಷ್ಟರಲ್ಲೇ ಕರೆಂಟ್ ಬಂತು. ನಾನು ಸ್ವಿಚ್ ಆಫ್ ಮಾಡಿರಲಿಲ್ಲ, ಪ್ಲಗ್ ತೆಗೆದಿರಲಿಲ್ಲ, ನಲ್ಲಿಯನ್ನೂ ಮುಚ್ಚಿರಲಿಲ್ಲ. ಮಷೀನ್ ತಾನು ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಶುರು ಮಾಡಿತು. ಒಳಗೆ ನೀರು ಕಮ್ಮಿ ಆಗಿದೆ ಅಂತ ಅದಕ್ಕೆ ಗೊತ್ತಾಗಿ ಹೊಸ ನೀರು ತೆಗೆದುಕೊಳ್ಳಲು ಶುರು ಮಾಡಿತು. ಫಿಲ್ಟರ್ ಇಲ್ಲದ ತೂತಿನಿಂದ ಆ ನೀರೆಲ್ಲ ನೆಲಕ್ಕೆ. ಪಕ್ಕದಲ್ಲಿ ನೆಲದ ಮೇಲೆಯೇ ಒಂದು ಎಕ್ಸ್‌ಟೆನ್ಶನ್ ಬೋರ್ಡ್ ಇತ್ತು. ನಾನು ಒದ್ದೆ ಕಾಲಲ್ಲಿ ಸ್ವಿಚ್ ಆರಿಸಲು ಹೊರಟಿದ್ದೆ. ನಮ್ಮನೆಯವರು "ಅಲ್ಲೇ ನಿಲ್ಲು, ನೀರಿಗೆ ಕಾಲಿಡಬೇಡ" ಅಂತ ಕೂಗಿ, ಹೊರಗೆ ಮೀಟರ್ ಹತ್ತಿರ ಹೋಗಿ ಮೇನ್ ಆಫ್ ಮಾಡಿದರು. ಅವರು ಆವತ್ತು ಮನೆಯಲ್ಲಿ ಇಲ್ಲದೇ ಹೋಗಿದ್ದರೆ ಏನಾಗುತ್ತಿತ್ತು ಅಂತ ನೆನೆದರೆ ಇವತ್ತಿಗೂ ಮೈ ನಡುಗುತ್ತದೆ.

ಎರಡು ದಿನ ಬಿಟ್ಟು ರಿಪೇರಿ ಹುಡುಗ ಬಂದ. ಮೊದಲು ಕೇಳಿದ್ದೇ "ಅಕ್ಕಾ, ಪ್ಲಗ್ ತೆಗೆದಿದ್ರಾ?" ಅಂತ. ಆಮೇಲೆ ಅವನು ಕೂತು ತೋರಿಸಿಕೊಟ್ಟಿದ್ದನ್ನು, ನಾನೇ ಈ ಎರಡು ಮಳೆಗಾಲದಲ್ಲಿ ಮಾಡಿ ನೋಡಿದ್ದನ್ನು ಸೇರಿಸಿ ಹೇಳುತ್ತೇನೆ.

ಕರೆಂಟ್ ಹೋದ ಕೂಡಲೇ ಗೋಡೆಯ ಸ್ವಿಚ್ ಆರಿಸಿ, ಒಣಗಿದ ಕೈಯಲ್ಲಿ ಪ್ಲಗ್ ಕಿತ್ತಿಡಿ. ಆಮೇಲೆ ಮಷೀನ್‌ಗೆ ನೀರು ಬಿಡುವ ನಲ್ಲಿ ಮುಚ್ಚಿ. ಕರೆಂಟ್ ಇಲ್ಲದಾಗ ಮಷೀನ್ ಒಳಗಿನ ನೀರಿನ ವಾಲ್ವ್ ತಾನಾಗಿಯೇ ಮುಚ್ಚಿಕೊಂಡಿರುತ್ತದೆ, ಹಾಗಾಗಿ ಆಗ ನೀರು ತುಂಬುವುದಿಲ್ಲ. ತೊಂದರೆ ಇರುವುದು ಕರೆಂಟ್ ವಾಪಸ್ ಬರುವ ಹೊತ್ತಿನಲ್ಲಿ. ಈಗಿನ ಎಷ್ಟೋ ಮಷೀನ್‌ಗಳು ನಿಂತ ಜಾಗ ನೆನಪಿಟ್ಟುಕೊಂಡು, ಯಾರೂ ಬಟನ್ ಒತ್ತದೆ ತಾವಾಗಿಯೇ ಮುಂದುವರಿಯುತ್ತವೆ.

ಗಂಟೆ, ಎರಡು ಗಂಟೆಯಲ್ಲಿ ಕರೆಂಟ್ ಬರುವ ಹಾಗಿದ್ದರೆ ಏನೂ ಮಾಡಬೇಡಿ. ಬಟ್ಟೆ ಸುಮ್ನೆ ನೆನೆಯುತ್ತಿರಲಿ, ಹಾಳಾಗುವುದಿಲ್ಲ. ಬಣ್ಣ ಬಿಡುವ ಬಟ್ಟೆ ಬಿಳಿ ಬಟ್ಟೆಯ ಜೊತೆ ಸಿಕ್ಕಿಹಾಕಿಕೊಂಡಿದ್ದರೆ ಮಾತ್ರ ಬೇಗ ತೆಗೆಯಬೇಕಾಗುತ್ತದೆ. ರಾತ್ರಿಯೆಲ್ಲ ಬರುವುದಿಲ್ಲ ಅಂತ ಲೈನ್‌ಮನ್ ಹೇಳಿದರೆ ಆಗ ನೀರು ತೆಗೆಯುವ ಯೋಚನೆ ಮಾಡಿ.

ತೆಗೆಯುವ ಮೊದಲು ಬಾಗಿಲಿನ ಗಾಜಿನ ಕೆಳಭಾಗಕ್ಕೆ ಕೈಯ ಹಿಂಬದಿ ಮುಟ್ಟಿಸಿ ನೋಡಿ. ಬಿಸಿ ಅನ್ನಿಸಿದರೆ ಆ ನೀರಿಗೆ ಕೈ ಹಾಕುವ ಕಾಲ ಇನ್ನೂ ಬಂದಿಲ್ಲ. ಬಿಸಿನೀರಿನ ಒಗೆತ ಅರ್ಧಕ್ಕೆ ನಿಂತಿದ್ದರೆ ನಾನು ಈಗ ನಾಲ್ಕು ಗಂಟೆಗಿಂತ ಮೊದಲು ಅದರ ಹತ್ತಿರ ಹೋಗುವುದೇ ಇಲ್ಲ. ಹೋದಾಗಲೂ ಗಾಜು ಮುಟ್ಟಿ ನೋಡದೆ ಮುಂದಿನದಕ್ಕೆ ಕೈ ಹಾಕುವುದಿಲ್ಲ.

ಹಾಗೇ ಗಾಜಿನಲ್ಲಿ ನೀರು ಎಲ್ಲಿಯವರೆಗೆ ಕಾಣುತ್ತಿದೆ ಅಂತಲೂ ನೋಡಿ. ಲಾಕ್ ವಿಚಾರದಲ್ಲಿ ಎಲ್ಲ ಮಷೀನ್ ಒಂದೇ ತರ ಇಲ್ಲ. ಕೆಲವು ಲಾಕ್‌ಗಳ ಒಳಗೆ ಕರೆಂಟ್ ಇರುವಷ್ಟು ಹೊತ್ತು ಬಿಸಿಯಾಗಿರುವ ಒಂದು ತುಣುಕು ಇರುತ್ತದೆ. ಕರೆಂಟ್ ಹೋದರೆ ಅದು ಒಂದೆರಡು ನಿಮಿಷದಲ್ಲಿ ಆರಿ, ಲಾಕ್ ಬಿಟ್ಟುಕೊಳ್ಳುತ್ತದೆ. ಒಳಗೆ ನೀರಿದೆಯೋ ಇಲ್ಲವೋ ಅಂತ ಅದು ನೋಡುವುದಿಲ್ಲ. ಇನ್ನು ಕೆಲವು ಲಾಕ್‌ಗಳು ಕರೆಂಟ್ ಬಂದು ಮಷೀನ್ ಹೇಳುವವರೆಗೆ ತಾವಾಗಿ ಬಿಡುವುದೇ ಇಲ್ಲ. ನಮ್ಮದು ಎರಡನೆಯ ಜಾತಿ. ಮೊದಲ ಜಾತಿಯದ್ದಾದರೆ, ಬಾಗಿಲು ತೆರೆಯುತ್ತದೆ ಅಂದ ಮಾತ್ರಕ್ಕೆ ತೆರೆಯಬೇಡಿ. ನೀರು ಗಾಜಿನ ಕೆಳ ಅಂಚಿಗಿಂತ ಮೇಲಿದ್ದರೆ ಅಷ್ಟೂ ನೀರು ಕಾಲಿನ ಮೇಲೆ ಬೀಳುತ್ತದೆ. ಜಾಲಿಸುವ ಹೊತ್ತಿನಲ್ಲಿ ನಿಂತ ಮಷೀನ್‌ನಲ್ಲಿ ಒಗೆಯುವಾಗಿನದಕ್ಕಿಂತ ಸಾಮಾನ್ಯವಾಗಿ ನೀರು ಜಾಸ್ತಿ ಇರುತ್ತದೆ. ತೆರೆಯದ ಬಾಗಿಲನ್ನು ಜಗ್ಗಬೇಡಿ, ಹಿಡಿ ಮುರಿದು ಕೈಗೆ ಬರುತ್ತದೆ.

ನೀರು ತೆಗೆಯಲು ಫಿಲ್ಟರ್‌ಗಿಂತ ಮೊದಲು ಇನ್ನೊಂದು ದಾರಿ ಇದೆ, ನನಗೆ ಗೊತ್ತಿಲ್ಲದೆ ಹೋದದ್ದು ಅದೇ. ಆ ಚಿಕ್ಕ ಮುಚ್ಚಳ ತೆಗೆದರೆ ಫಿಲ್ಟರ್ ಪಕ್ಕದಲ್ಲಿ ಎಷ್ಟೋ ಮಷೀನ್‌ಗಳಲ್ಲಿ ಬೆರಳು ಗಾತ್ರದ ಒಂದು ರಬ್ಬರ್ ಪೈಪ್ ಮಡಚಿಟ್ಟಿರುತ್ತದೆ, ತುದಿಗೆ ಬಿರಡೆ ಇರುತ್ತದೆ. ಅದನ್ನು ಹೊರಗೆಳೆದು ಪರಾತದ ಮೇಲೆ ಬಗ್ಗಿಸಿ ಬಿರಡೆ ತೆಗೆದರೆ ನೀರು ಸಣ್ಣದಾಗಿ ಬರುತ್ತದೆ. ಪರಾತ ತುಂಬಿದಾಗ ಬಿರಡೆ ಹಾಕಿ, ಚೆಲ್ಲಿ ಬಂದು, ಮತ್ತೆ ತೆಗೆಯಿರಿ. ನಮ್ಮದು 7 ಕೆಜಿಯ ಮಷೀನ್. ಹತ್ತು ಹನ್ನೆರಡು ಲೀಟರ್ ನೀರು ಬರುತ್ತದೆ, ನಾಲ್ಕೈದು ಪರಾತ. ಕಾಲು ಗಂಟೆಯ ಕೆಲಸ.

ಆ ಪೈಪ್ ಇಲ್ಲದಿದ್ದರೆ ಮಷೀನ್ ಹಿಂದೆ ಕೊಳೆನೀರು ಹೋಗುವ ದೊಡ್ಡ ಪೈಪ್ ಇದೆಯಲ್ಲ, ಅದನ್ನು ಕೊಕ್ಕೆಯಿಂದ ಬಿಡಿಸಿ, ತುದಿಯನ್ನು ಬಚ್ಚಲಿನ ನೆಲದ ಮೋರಿಗೆ ಇಳಿಸಿ. ಅದನ್ನು ಎತ್ತರದಲ್ಲಿ ಸಿಕ್ಕಿಸಿರುವುದೇ ನೀರು ತಾನಾಗಿ ಹರಿದುಹೋಗಬಾರದು ಅಂತ. ಕೆಳಗಿಳಿಸಿದರೆ ಪಂಪ್ ಓಡದಿದ್ದರೂ ನೀರು ನಿಧಾನವಾಗಿ ಇಳಿಯುತ್ತದೆ. ಪೈಪನ್ನು ಬಟ್ಟೆಯಲ್ಲಿ ಹಿಡಿಯಿರಿ.

ಇಷ್ಟೆಲ್ಲ ಆದ ಮೇಲೆ ಉಳಿಯುವ ಒಂದೆರಡು ಲೀಟರ್‌ಗೆ ಮಾತ್ರ ಫಿಲ್ಟರ್. ಅದನ್ನೂ ಕಾಲು ಸುತ್ತು ತಿರುಗಿಸಿ ನಿಲ್ಲಿಸಿ, ತೊಟ್ಟಿಕ್ಕುವುದು ನಿಂತ ಮೇಲೆ ಇನ್ನು ಕಾಲು ಸುತ್ತು. ವಾಪಸ್ ಹಾಕುವಾಗ ನೇರವಾಗಿ ಕೂರಿಸಿ. ನಾನು ಆವತ್ತು ರಾತ್ರಿ ಫಿಲ್ಟರನ್ನು ಹುಡುಕಿ ಎಡಗೈಯಲ್ಲಿ ಸೊಟ್ಟಗೆ ಸಿಕ್ಕಿಸಿದ್ದೆ. ಅದರ ತಿರುಪಿನ ಮರೆ ಹಾಳಾಗಿ ಸೋರುತ್ತಿತ್ತು, ಕೊನೆಗೆ ಫಿಲ್ಟರನ್ನೇ ಬದಲಾಯಿಸಬೇಕಾಯಿತು. ಈಗ ಹಾಕಿದ ಮೇಲೆ ಸೋಪ್ ಪುಡಿ ಹಾಕುವ ಡಬ್ಬಿಯಲ್ಲಿ ಒಂದು ಚೊಂಬು ನೀರು ಹೊಯ್ದು, ಕೆಳಗೆ ಹನಿ ಬರುತ್ತದಾ ಅಂತ ನೋಡುತ್ತೇನೆ. ಕೆಲವು ಮಷೀನ್‌ಗಳಲ್ಲಿ ಅದೇ ಮುಚ್ಚಳದ ಹಿಂದೆ ಬಾಗಿಲು ಬಿಡಿಸುವ ಒಂದು ಬಣ್ಣದ ದಾರವೋ ಪಟ್ಟಿಯೋ ಇರುತ್ತದೆ. ನೀರು ಪೂರ್ತಿ ಹೋದ ಮೇಲೆ ಅದನ್ನು ಕೆಳಗೆ ಎಳೆದರೆ ಬಾಗಿಲು ತೆರೆಯುತ್ತದೆ.

ಪಕ್ಕದ ಮನೆಯವರು "ಇನ್ವರ್ಟರ್‌ಗೆ ಹಾಕಿಬಿಡಿ, ನೀರಾದರೂ ಹೋಗಲಿ" ಅಂದಿದ್ದರು. ಬೇಡ. ನೀರು ತೆಗೆಯುವ ಪಂಪ್‌ಗೆ ಬೇಕಾದ ಕರೆಂಟ್ ಸ್ವಲ್ಪವೇ, ನಿಜ. ಆದರೆ ಮಷೀನ್ ನಿಂತದ್ದು ನೀರು ಕಾಯಿಸುವ ಹೊತ್ತಿನಲ್ಲಾದರೆ ಅದು ಮೊದಲು ಹೀಟರ್‌ನ್ನೇ ಹಾಕುತ್ತದೆ. ಹೀಟರ್‌ಗೆ 2000 ವ್ಯಾಟ್ ಹತ್ತಿರ ಬೇಕು. ಮನೆಯ ಸಾಮಾನ್ಯ ಇನ್ವರ್ಟರ್‌ಗೆ ಅದರ ಅರ್ಧವನ್ನೂ ತಡೆಯಲು ಆಗುವುದಿಲ್ಲ.

ಕರೆಂಟ್ ಬಂದ ಕೂಡಲೇ ಪ್ಲಗ್ ಹಾಕಬೇಡಿ. ಹತ್ತು ಹದಿನೈದು ನಿಮಿಷ ಬಲ್ಬು, ಫ್ಯಾನು ನೋಡಿ. ಮರ ಬಿದ್ದು ನ್ಯೂಟ್ರಲ್ ತಂತಿ ಕಡಿದಿದ್ದರೆ ಮನೆಗೆ 230ರ ಬದಲು ತುಂಬಾ ಹೆಚ್ಚು ವೋಲ್ಟೇಜ್ ಬರಬಹುದು. ಬಲ್ಬು ಎಂದಿಗಿಂತ ಜಾಸ್ತಿ ಉರಿದರೆ ಮೇನ್ ಆರಿಸಿ, ಲೈನ್‌ಮನ್‌ಗೆ ಹೇಳಿ. ಎಲ್ಲ ಸರಿ ಇದ್ದರೆ ಬಾಗಿಲು, ಫಿಲ್ಟರ್, ಪೈಪ್ ಮೂರೂ ತಮ್ಮ ಜಾಗದಲ್ಲಿವೆಯಾ ಅಂತ ನೋಡಿ, ನಲ್ಲಿ ಬಿಟ್ಟು, ಕೊನೆಗೆ ಪ್ಲಗ್ ಹಾಕಿ.

ನೀರು ತೆಗೆದಿರದಿದ್ದರೆ ನಿಂತಲ್ಲಿಂದ ಮುಂದುವರಿಯಲು ಬಿಡಬಹುದು. ಕೆಲವದರ ಪರದೆಯ ಮೇಲೆ PF ಅಂತ ಬರುತ್ತದೆ, ಅದು ಕೆಟ್ಟಿದೆ ಅಂತಲ್ಲ, ಕರೆಂಟ್ ಹೋಗಿತ್ತು ಅಂತ ಅಷ್ಟೇ. ನೀರು ತೆಗೆದಿದ್ದರೆ ಹಳೆಯದನ್ನು ರದ್ದು ಮಾಡಿ, ಜಾಲಿಸಿ ಹಿಂಡುವ ಪ್ರೋಗ್ರಾಂ ಹಾಕಿ. ಒಗೆತ ಇನ್ನೂ ಮೊದಲಲ್ಲೇ ನಿಂತಿದ್ದರೆ ಪೂರ್ತಿ ಹಾಕಿ, ಆದರೆ ಬಟ್ಟೆಯಲ್ಲಿ ಸೋಪ್ ಉಳಿದಿರುತ್ತದೆ, ಮತ್ತೆ ಪುಡಿ ಹಾಕಬೇಡಿ.

ಮೇಲಿನಿಂದ ಬಟ್ಟೆ ಹಾಕುವ ಮಷೀನ್ ಇರುವವರಿಗೆ ಇಷ್ಟು ಕಷ್ಟ ಇಲ್ಲ. ಪ್ಲಗ್ ತೆಗೆದು, ಡ್ರಮ್ ತಿರುಗುವುದು ಪೂರ್ತಿ ನಿಂತ ಮೇಲೆ ಬಟ್ಟೆ ಕೈಯಲ್ಲೇ ಎತ್ತಬಹುದು. ಸೆಮಿ ಆಟೋಮ್ಯಾಟಿಕ್‌ನಲ್ಲಿ ನೀರು ಬಿಡುವ ಗುಬ್ಬಿ ತಿರುಗಿಸಿದರೆ ಸಾಕು, ಅದಕ್ಕೆ ಕರೆಂಟ್ ಬೇಡ.

ಎಕ್ಸ್‌ಟೆನ್ಶನ್ ಬೋರ್ಡ್ ಈಗ ಗೋಡೆಯ ಮೇಲೆ, ನನ್ನ ಎದೆಯ ಎತ್ತರಕ್ಕೆ ಹೋಗಿದೆ. ಮಷೀನ್ ಸ್ವಿಚ್ಚನ್ನು ಬಾಗಿಲ ಪಕ್ಕಕ್ಕೆ ಹಾಕಿಸಿದ್ದೇವೆ, ಒಳಗೆ ಕಾಲಿಡದೆ ಆರಿಸಬಹುದು. ಮೊನ್ನೆ ಭಾನುವಾರ ಜಾಲಿಸುವಾಗ ಮತ್ತೆ ಕರೆಂಟ್ ಹೋಯಿತು. ತಣ್ಣೀರಿನ ಒಗೆತ ಆಗಿತ್ತು. ಪ್ಲಗ್ ತೆಗೆದು, ನಲ್ಲಿ ಮುಚ್ಚಿ, ಸಣ್ಣ ಪೈಪಿನಿಂದ ಆರು ಪರಾತ ನೀರು ತೆಗೆದು, ಮುಚ್ಚಳದ ಹಿಂದಿನ ದಾರ ಎಳೆದು ಬಾಗಿಲು ಬಿಡಿಸಿದೆ. ಬಟ್ಟೆಯನ್ನು ಕೈಯಲ್ಲೇ ಹಿಂಡಿ ಅಟ್ಟದ ಹಗ್ಗಕ್ಕೆ ಹಾಕುವಾಗ ಇನ್ನೂ ಮಳೆ ಸುರಿಯುತ್ತಲೇ ಇತ್ತು.